ಇ-ಮೇಲ್ ಕಡತಗಳ ಭಾರ ಮತ್ತು ಅವುಗಳ ಸಂರಕ್ಷಣೆ

ಸಂಸ್ಥೆಗಳ ಪತ್ರವ್ಯವಹಾರವು ಕಾಗದದಿಂದ ಇ-ಮೇಲಿಗೆ ಸರಿದಂತೆ ದತ್ತಿಪತ್ರ, ಇಲಾಖೆಯ ಆದೇಶ, ಹಳೆಯ ವಿದ್ಯಾರ್ಥಿಗಳ ವಿಳಾಸ ಇವೆಲ್ಲವೂ ಕಚೇರಿಯ ಒಂದೇ ಖಾತೆಯಲ್ಲಿ ಬಂದು ಸೇರುತ್ತವೆ. ಆ ಖಾತೆ ತುಂಬಿ ಹೋದರೆ ದಾನಿಗಳು ಬರೆದ ಹೊಸ ಪತ್ರ ಒಳಬರದೆ ಅವರಿಗೇ ಹಿಂದಿರುಗುತ್ತದೆ. ಅವಸರದಿಂದ ಅಳಿಸಿದರೆ ಹಳೆಯ ದಾಖಲೆ ನಾಶವಾಗುತ್ತದೆ. ಈ ಎರಡು ನಷ್ಟಗಳನ್ನೂ ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಭಾರದ ಮೂಲ

ಬರಿಯ ಬರಹದ ಪತ್ರವೊಂದು ಸುಮಾರು 10 ಕೆಬಿ ಸ್ಥಳವನ್ನಷ್ಟೇ ಬೇಡುತ್ತದೆ. ಭಾರವೆಲ್ಲ ಲಗತ್ತುಗಳದು. ಇ-ಮೇಲ್ ಮೊದಲು ರೂಪುಗೊಂಡದ್ದು ಅಕ್ಷರಗಳನ್ನು ಸಾಗಿಸಲೆಂದೇ. ಚಿತ್ರಗಳನ್ನೂ ಕಡತಗಳನ್ನೂ ಅದರೊಡನೆ ಕಳುಹಿಸಲು 1992ರಲ್ಲಿ ‘ಮೈಮ್’ ಎಂಬ ನಿಯಮಾವಳಿ ಪ್ರಕಟವಾಯಿತು. ಅದರಂತೆ ಸಾಮಾನ್ಯವಾಗಿ ಕಡತದ ಪ್ರತಿ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳನ್ನಾಗಿ ಮಾರ್ಪಡಿಸಿ ಸಾಗಿಸಲಾಗುತ್ತದೆ. ಆದುದರಿಂದ 15 ಎಂಬಿಯ ವಾರ್ಷಿಕೋತ್ಸವದ ಚಿತ್ರಸಂಪುಟವು ಪತ್ರದೊಳಗೆ ಸುಮಾರು 20.5 ಎಂಬಿ ಆಗುತ್ತದೆ.

ಜಿಮೇಲಿನ ಉಚಿತ ಖಾತೆಗೆ 2013ರಲ್ಲಿ, ಡ್ರೈವ್ ಮತ್ತು ಛಾಯಾಚಿತ್ರಗಳನ್ನೂ ಸೇರಿಸಿ, ಒಟ್ಟು 15 ಜಿಬಿ ಸ್ಥಳ ನಿಗದಿಯಾಯಿತು. ಅಷ್ಟು ಸ್ಥಳದಲ್ಲಿ ಬರಿಯ ಬರಹದ ಪತ್ರಗಳು 15 ಲಕ್ಷದಷ್ಟು ಹಿಡಿಸುತ್ತವೆ. ಮೇಲೆ ಹೇಳಿದಂತಹ ಸಂಪುಟಗಳಾದರೋ 730 ಮಾತ್ರ. ಒಂದೇ ಸಂಪುಟವನ್ನು ತಿದ್ದಿ ಮೂರು ಸಲ ಕಳುಹಿಸಿದರೆ ಮೂರು ಪ್ರತಿಗಳೂ ಉಳಿಯುತ್ತವೆ. ಉತ್ತರ ಬರೆಯುವಾಗ ಲಗತ್ತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಆದರೆ ಪತ್ರವನ್ನು ಮತ್ತೊಬ್ಬರಿಗೆ ರವಾನಿಸುವಾಗ ಅದೂ ಜೊತೆಗೆ ಹೋಗಿ ಇನ್ನೊಂದು ಪ್ರತಿ ಸೇರಿಕೊಳ್ಳುತ್ತದೆ.

ಒಂದು ಪದ, ಎರಡು ಅರ್ಥ

‘ಆರ್ಕೈವ್’ ಎಂಬ ಪದ ಅನೇಕರನ್ನು ದಾರಿ ತಪ್ಪಿಸುತ್ತದೆ. ಜಿಮೇಲಿನಲ್ಲಿ Archive ಗುಂಡಿಯನ್ನು ಒತ್ತಿದರೆ ಪತ್ರವು ಕಣ್ಣೆದುರಿನ ಪಟ್ಟಿಯಿಂದ ಮರೆಯಾಗುತ್ತದೆಯೇ ಹೊರತು All Mail ಎಂಬಲ್ಲಿ ಹಾಗೆಯೇ ಇರುತ್ತದೆ. ಒಂದು ಬೈಟೂ ಉಳಿತಾಯವಾಗುವುದಿಲ್ಲ. ಥಂಡರ್‌ಬರ್ಡ್ ತಂತ್ರಾಂಶದ ಇದೇ ಹೆಸರಿನ ಗುಂಡಿಯೂ, ವ್ಯವಸ್ಥೆಯನ್ನು ಬದಲಿಸದ ಹೊರತು, ಪತ್ರವನ್ನು ಸರ್ವರಿನ ಮತ್ತೊಂದು ಫೋಲ್ಡರಿಗೆ ಸರಿಸುತ್ತದೆ, ಅಷ್ಟೆ. ಪತ್ರವು ಕಚೇರಿಯ ಗಣಕದ ಡಿಸ್ಕಿಗೆ ಇಳಿದು, ಅನಂತರ ಸರ್ವರಿನಿಂದ ಅಳಿದಾಗಲೇ ಸ್ಥಳ ತೆರವಾಗುತ್ತದೆ.

ಅನುಸರಿಸಬೇಕಾದ ಕ್ರಮ

ಒಂದು ಕಚೇರಿಯ ಖಾತೆಯಲ್ಲಿ 15 ಜಿಬಿಗೆ 14.6 ಜಿಬಿ ತುಂಬಿದೆಯೆಂದು ಭಾವಿಸೋಣ. ಮೊದಲು ಜಿಮೇಲಿನ ಶೋಧಪಟ್ಟಿಯಲ್ಲಿ ಹೀಗೆ ಬರೆಯಬೇಕು:

```
has:attachment larger:10M older_than:2y
```

ಎರಡು ವರ್ಷಕ್ಕೂ ಹಳೆಯವಾದ, 10 ಎಂಬಿಗೂ ದೊಡ್ಡವಾದ ಪತ್ರಗಳು ಎದುರಿಗೆ ಬರುತ್ತವೆ. ಅಂತಹವು 320 ಇದ್ದು, ಸರಾಸರಿ 18 ಎಂಬಿ ತೂಗಿದರೆ ಒಟ್ಟು ಸುಮಾರು 5.8 ಜಿಬಿ ಆಯಿತು. ಅವುಗಳೆಲ್ಲಕ್ಕೂ ಒಂದು ಹೊಸ ಲೇಬಲ್ ಹಚ್ಚಿದರೆ ಥಂಡರ್‌ಬರ್ಡಿನಲ್ಲಿ ಅದೇ ಹೆಸರಿನ ಫೋಲ್ಡರ್ ಕಾಣಿಸುತ್ತದೆ. ಅಲ್ಲಿಂದ ಪತ್ರಗಳನ್ನು Local Folders ವಿಭಾಗಕ್ಕೆ ನಕಲು ಮಾಡಬೇಕು. ಸ್ಥಳಾಂತರ ಮಾಡಬಾರದು, ನಡುವೆ ಸಂಪರ್ಕ ಕಡಿದರೆ ಯಾವುದು ಬಂತು, ಯಾವುದು ಉಳಿಯಿತು ಎಂಬುದು ತಿಳಿಯದಂತಾಗುತ್ತದೆ.

ನಕಲು ಮುಗಿದ ಮೇಲೆ ಎರಡೂ ಫೋಲ್ಡರುಗಳ ಪತ್ರಸಂಖ್ಯೆ ಸಮವಾಗಿರಬೇಕು. ಈ ಎಣಿಕೆಯನ್ನು ಥಂಡರ್‌ಬರ್ಡಿನಲ್ಲಿಯೇ ಮಾಡಬೇಕು, ಏಕೆಂದರೆ ಜಿಮೇಲು ಸಾಮಾನ್ಯವಾಗಿ ಒಂದು ಸಂವಾದದ ಪತ್ರಗಳನ್ನೆಲ್ಲ ಒಂದೇ ಸಾಲಾಗಿ ತೋರಿಸುತ್ತದೆ. ಬಳಿಕ ಅಂತರಜಾಲದ ಸಂಪರ್ಕವನ್ನು ತಪ್ಪಿಸಿ, ನಕಲಿನ ಹತ್ತಾರು ಲಗತ್ತುಗಳನ್ನು ತೆರೆದು ನೋಡಬೇಕು.

ಅಳಿಸುವ ಕೆಲಸವನ್ನು ಮಾತ್ರ ಜಿಮೇಲಿನ ಜಾಲಪುಟದಲ್ಲಿಯೇ ನಡೆಸುವುದು ಲೇಸು. ಥಂಡರ್‌ಬರ್ಡಿನ ಫೋಲ್ಡರಿನಿಂದ ಅಳಿಸಿದರೆ ಲೇಬಲ್ ಮಾತ್ರ ಕಳಚಿ ಪತ್ರವು All Mail ನಲ್ಲಿ ಉಳಿದುಬಿಡಬಹುದು. ಅಳಿಸಿದ ಪತ್ರಗಳು Trash ನಲ್ಲಿ 30 ದಿನಗಳವರೆಗೆ ಇದ್ದು ಅಲ್ಲಿಯೂ ಲೆಕ್ಕಕ್ಕೆ ಸೇರುವುದರಿಂದ ಅದನ್ನೂ ಬರಿದು ಮಾಡಬೇಕು. ಸ್ವಲ್ಪ ಕಾಲದ ಅನಂತರವೂ 14.6 ಎಂಬ ಅಂಕಿ 9ರ ಆಸುಪಾಸಿಗೆ ಇಳಿಯದಿದ್ದರೆ ಈ ಎರಡರಲ್ಲಿ ಒಂದು ತಪ್ಪಿದೆಯೆಂದು ತಿಳಿಯಬಹುದು.

ಮಿತಿಗಳು

ಸರ್ವರಿನಲ್ಲಿರುವ ಪತ್ರವನ್ನು ಯಾವ ಊರಿನಿಂದಲಾದರೂ ಓದಬಹುದು. ಕಚೇರಿಯ ಡಿಸ್ಕಿನಲ್ಲಿರುವುದಕ್ಕೆ ಆ ಅನುಕೂಲವಿಲ್ಲ. ಆದುದರಿಂದ ಇತ್ತೀಚಿನ ಎರಡು ವರ್ಷಗಳ ಪತ್ರಗಳು ಸರ್ವರಿನಲ್ಲಿಯೇ ಇರಲಿ. ಅಲ್ಲದೆ ಸರ್ವರಿನಿಂದ ಅಳಿಸಿದ ಮರುಕ್ಷಣದಿಂದ ಡಿಸ್ಕಿನ ನಕಲೇ ಏಕೈಕ ಪ್ರತಿಯಾಗುತ್ತದೆ. ಡಿಸ್ಕ್ ಕೆಟ್ಟರೆ, ಅಥವಾ ಗುಮಾಸ್ತರು ನಿವೃತ್ತರಾದಾಗ ಹಳೆಯ ಗಣಕವನ್ನು ವಿಲೇವಾರಿ ಮಾಡಿದರೆ, ದತ್ತಿಯ ಷರತ್ತುಗಳನ್ನು ತೋರಿಸುವ ಪತ್ರವೂ ಅದರೊಡನೆ ಹೋಗುತ್ತದೆ. ಅಳಿಸುವುದಕ್ಕೆ ಮೊದಲೇ ಥಂಡರ್‌ಬರ್ಡನ್ನು ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು ಹೊರಡಿಸ್ಕೊಂದಕ್ಕೆ ನಕಲು ಮಾಡಿ ಬೇರೆ ಕಟ್ಟಡದಲ್ಲಿರಿಸಬೇಕು. ದತ್ತಿಪತ್ರಗಳಂತಹ ಮುಖ್ಯ ಲಗತ್ತುಗಳನ್ನು ಇಸವಿ ಮತ್ತು ದಾನಿಗಳ ಹೆಸರಿನೊಡನೆ ಪ್ರತ್ಯೇಕ ಕಡತಗಳಾಗಿಯೂ ಉಳಿಸಬೇಕು. ವರ್ಷಕ್ಕೊಮ್ಮೆ, ಲೆಕ್ಕಪತ್ರಗಳ ತಪಾಸಣೆಯ ಸಮಯದಲ್ಲಿ, ಆ ಹೊರಡಿಸ್ಕಿನಿಂದ ಹಳೆಯ ಪತ್ರವೊಂದನ್ನು ತೆರೆದು ಓದಿ ನೋಡುವುದು ಅವಶ್ಯ.