ಹದಿನೈದು ಲಕ್ಷ ಯಾರ ಹೆಸರಿಗೆ?

ಶಿವಮೊಗ್ಗ, ಭದ್ರಾವತಿಯಲ್ಲಿ ವಾಹನ ವಿಮೆ ಮಾಡಿಸುತ್ತಾ ಕಲಿತದ್ದು ಇದು. ಪಾಲಿಸಿಯಲ್ಲಿ ‘ಓನರ್-ಡ್ರೈವರ್ ಪಿಎ’ ಎಂಬ ಸಾಲಿರುತ್ತದೆ, ಅಂದರೆ ಗಾಡಿ ಓಡಿಸುವ ಮಾಲೀಕರ ವೈಯಕ್ತಿಕ ಅಪಘಾತ ವಿಮೆ. ಒಂದು, ಎರಡು ಲಕ್ಷವಿದ್ದ ಮೊತ್ತವನ್ನು 2018ರಲ್ಲಿ ವಿಮಾ ಪ್ರಾಧಿಕಾರ 15 ಲಕ್ಷಕ್ಕೆ ಏರಿಸಿತು.

1. ಮೊದಲು ಆರ್‌ಸಿ ನೋಡಿ. ನಮ್ಮ ಕಡೆ ಬೈಕು ಅಪ್ಪನ ಹೆಸರಲ್ಲಿರುತ್ತದೆ, ಓಡಿಸುವವನು ಮಗ. ಭದ್ರಾವತಿಯಿಂದ ಮಾಚೇನಹಳ್ಳಿಯ ಕಾರ್ಖಾನೆಗೆ ಹೊರಟ ಮಗ ಮಳೆಯಲ್ಲಿ ಜಾರಿ ಬಿದ್ದು ತೀರಿಕೊಂಡ ಎನ್ನಿ. ಗುದ್ದಿದ ಬೇರೆ ವಾಹನವಿಲ್ಲ, ಹಾಗಾಗಿ ಥರ್ಡ್ ಪಾರ್ಟಿ ಹಣವಿಲ್ಲ. ಪಿಎ ಕೇಳಿದರೆ, ಸತ್ತವರು ನೋಂದಾಯಿತ ಮಾಲೀಕರಲ್ಲ ಎಂದು ಕಂಪನಿ ಕ್ಲೇಮು ತಿರಸ್ಕರಿಸುತ್ತದೆ. ಆ ಬೈಕಿನಲ್ಲಿ ಅಪ್ಪನೇ ಇದ್ದಿದ್ದರೆ ಪೂರ್ತಿ 15 ಲಕ್ಷ.

ಇಳಕಲ್ ಬಳಿ ಎರವಲು ಬೈಕಿನಲ್ಲಿ ಹೋಗುತ್ತಿದ್ದವರು ಎತ್ತಿನ ಗಾಡಿಗೆ ಗುದ್ದಿ ಸತ್ತ ನಿಂಗಮ್ಮ ಪ್ರಕರಣದಲ್ಲಿ, ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. 2020ರ ರಾಮಖಿಲಾಡಿ ತೀರ್ಪು ಅದೇ ತರ್ಕದ ಮೇಲೆ ಸವಾರನ ಮನೆಯವರಿಗೆ ಪಾಲಿಸಿಯಲ್ಲಿದ್ದ ಪಿಎ ಮೊತ್ತ ಒಂದು ಲಕ್ಷ ಕೊಡಿಸಿತು. ಅಂದರೆ ದಾರಿ ಇದೆ, ಆದರೆ ಕೋರ್ಟು ಅಲೆದು. ಅದಕ್ಕಿಂತ ಆರ್‌ಸಿ, ಪಾಲಿಸಿ ಎರಡನ್ನೂ ಮಗನ ಹೆಸರಿಗೆ ಮಾಡಿಸುವುದು ಸುಲಭ. ಆಗದಿದ್ದರೆ ಅವನಿಗೇ ಪ್ರತ್ಯೇಕ ಅಪಘಾತ ವಿಮೆ ತೆಗೆಸಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರೂ ಅಷ್ಟೇ: ಹಳೆಯ ಮಾಲೀಕರ ಪಿಎ ನಿಮ್ಮದಾಗುವುದಿಲ್ಲ.

2. ಆಸ್ಪತ್ರೆ ಬಿಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಕಾಲು ಮುರಿದು ರಾಡು ಹಾಕಿಸಿಕೊಂಡು ಮೂರು ತಿಂಗಳು ಮನೆಯಲ್ಲಿ ಕೂತರೂ ಒಂದು ರೂಪಾಯಿ ಬರುವುದಿಲ್ಲ. ಸಾವಿಗೆ, ಎರಡು ಕೈಕಾಲು ಅಥವಾ ಎರಡೂ ಕಣ್ಣು ಹೋದರೆ, ಇಲ್ಲವೇ ಶಾಶ್ವತವಾಗಿ ಪೂರ್ಣ ಅಂಗವಿಕಲತೆ ಬಂದರೆ 15 ಲಕ್ಷ. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಏಳೂವರೆ ಲಕ್ಷ. ಅದೂ ಅಪಘಾತವಾದ ಆರು ತಿಂಗಳೊಳಗೆ ಆಗಿರಬೇಕು.

3. ಹೊಸ ಬೈಕಿಗೆ ಥರ್ಡ್ ಪಾರ್ಟಿ ಐದು ವರ್ಷಕ್ಕೆ ಬರುತ್ತದೆ. ಪಿಎ ಒಂದೇ ವರ್ಷಕ್ಕೆ ತೆಗೆದಿರಬಹುದು. ಪಾಲಿಸಿಯ ತಲೆಬರಹದಲ್ಲಿರುವ ದೊಡ್ಡ ತಾರೀಕು ನೋಡಿ ನೆಮ್ಮದಿಯಾಗಿರುವವರೇ ಹೆಚ್ಚು. ಪಿಎ ಸಾಲಿನ ಎದುರಿನ ತಾರೀಕು ಬೇರೆಯೇ ಇರುತ್ತದೆ, ಅದನ್ನು ಓದಿ.

4. ಮನೆಯಲ್ಲಿ ಎರಡು ಗಾಡಿ ಒಬ್ಬರದೇ ಹೆಸರಲ್ಲಿದ್ದರೆ ಎರಡೆರಡು ಸಲ ಹಣ ಕಟ್ಟಬೇಡಿ. 2019ರಿಂದ ಒಂದು ಪಿಎ ಸಾಕು. ಕೌಂಟರಿನಲ್ಲಿ ನೀವಾಗಿ ಹೇಳದಿದ್ದರೆ ಸೇರಿಸಿಯೇ ಬಿಡುತ್ತಾರೆ.

5. ಕ್ಲೇಮಿಗೆ ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ, ಆರ್‌ಸಿ, ಡಿಎಲ್ ಬೇಕು. ಅಪಘಾತದ ದಿನ ಡಿಎಲ್ ಚಾಲ್ತಿಯಲ್ಲಿಲ್ಲದಿದ್ದರೆ, ಅಥವಾ ಕುಡಿದು ಓಡಿಸಿದ್ದು ಗೊತ್ತಾದರೆ ಕ್ಲೇಮು ಹೋಯಿತು. ಎದುರಿನ ಲಾರಿಯದೇ ತಪ್ಪಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಲಾರಿಯ ವಿಮೆಯಿಂದ ಪರಿಹಾರವನ್ನೂ ಕೇಳಿ. ಪಿಎ ನೀವು ಪ್ರೀಮಿಯಂ ಕಟ್ಟಿ ಕೊಂಡದ್ದು, ಅದನ್ನು ಬಿಟ್ಟುಕೊಡಬೇಕಾಗಿಲ್ಲ.