ಯಾವುದು ದೊಡ್ಡದು? ಮೊದಲು ಚಿಹ್ನೆ ನೋಡಿ

ಹೊರದೇಶದಲ್ಲಿ ಎಂ.ಎಸ್. ಓದಲು ಜಿಆರ್‌ಇ ಬರೆಯುವ ಮಕ್ಕಳು ಮನೆಯಲ್ಲಿದ್ದರೆ ಒಂದು ಮಾತು ಕೇಳಿರುತ್ತೀರಿ: "ಲೆಕ್ಕ ಸುಲಭವಾಗಿಯೇ ಇತ್ತು, ಉತ್ತರ ಮಾತ್ರ ತಪ್ಪಾಯಿತು." ಬಹಳ ಸಲ ಅದು ಎರಡು ಪ್ರಮಾಣಗಳನ್ನು ಹೋಲಿಸುವ ಪ್ರಶ್ನೆಯಾಗಿರುತ್ತದೆ. ಎ ಎಂಬ ಒಂದು ಪ್ರಮಾಣ, ಬಿ ಎಂಬ ಇನ್ನೊಂದು. ಎ ದೊಡ್ಡದು, ಬಿ ದೊಡ್ಡದು, ಎರಡೂ ಸಮ, ಕೊಟ್ಟಿರುವ ಮಾಹಿತಿಯಿಂದ ಹೇಳಲಾಗದು: ಪ್ರತಿ ಪ್ರಶ್ನೆಗೂ ಇವೇ ನಾಲ್ಕು ಆಯ್ಕೆಗಳು. ಮಕ್ಕಳು ಎಡವುವುದು ಕೊನೆಯ ಆಯ್ಕೆಯ ಹತ್ತಿರ.

ಒಂದೇ ಲೆಕ್ಕವನ್ನು ನಿಧಾನವಾಗಿ ನೋಡೋಣ. x ಸೊನ್ನೆಯಲ್ಲ ಎಂದಷ್ಟೇ ಹೇಳಿದ್ದಾರೆ. ಎ ಪ್ರಮಾಣ x + 1/x, ಬಿ ಪ್ರಮಾಣ 2. ಯಾವುದು ದೊಡ್ಡದು?

ಹೆಚ್ಚಿನ ಮಕ್ಕಳು x ಜಾಗದಲ್ಲಿ 2 ಹಾಕುತ್ತಾರೆ, ಎರಡೂವರೆ ಬರುತ್ತದೆ. 3 ಹಾಕಿದರೆ ಮೂರಕ್ಕಿಂತ ಹೆಚ್ಚು. 5 ಹಾಕಿದರೆ ಐದಕ್ಕಿಂತ ಹೆಚ್ಚು. ಮೂರು ಸಲ ನೋಡಿದ್ದಾಯಿತು ಎಂಬ ಧೈರ್ಯದಲ್ಲಿ ಎ ದೊಡ್ಡದು ಎಂದು ಗುರುತು ಹಾಕುತ್ತಾರೆ. ನಿಜವಾಗಿ ಅವರು ಒಂದೇ ಜಾತಿಯ ಸಂಖ್ಯೆಯನ್ನು ಮೂರು ಸಲ ನೋಡಿದ್ದಾರೆ ಅಷ್ಟೆ. 1 ಹಾಕಿದ್ದರೆ ಎರಡೂ ಸಮವಾಗುತ್ತಿದ್ದವು. −1 ಹಾಕಿದ್ದರೆ ಎ ಪ್ರಮಾಣ −2, ಅಂದರೆ ಬಿ ದೊಡ್ಡದು. ಉತ್ತರ ಒಮ್ಮೆ ಹೀಗೆ, ಒಮ್ಮೆ ಹಾಗೆ ಬಂದ ಮೇಲೆ ಮುಂದೆ ಲೆಕ್ಕ ಮಾಡುವ ಅಗತ್ಯವೇ ಇಲ್ಲ. ಹೇಳಲಾಗದು ಎಂಬುದೇ ಸರಿಯುತ್ತರ.

ಆದ್ದರಿಂದ ಹಾಕಿ ನೋಡುವ ಸಂಖ್ಯೆಗಳು ಬೇರೆ ಬೇರೆ ಸ್ವಭಾವದವು ಇರಬೇಕು: ಪ್ರಶ್ನೆ ಒಪ್ಪುವುದಾದರೆ ಸೊನ್ನೆ, ಆಮೇಲೆ 1, 1/2ರಂಥ ಭಿನ್ನರಾಶಿ, −1, −1/2, ಒಂದು ದೊಡ್ಡ ಸಂಖ್ಯೆ. x ಪೂರ್ಣಾಂಕ ಎಂದು ಪ್ರಶ್ನೆ ಹೇಳದಿದ್ದರೆ ಅದು ಪೂರ್ಣಾಂಕವಲ್ಲದೆಯೂ ಇರಬಹುದು. ಧನಸಂಖ್ಯೆ ಎಂದು ಹೇಳದಿದ್ದರೆ ಋಣವೂ ಆಗಬಹುದು.

ಇಲ್ಲಿ ಮಕ್ಕಳಿಗೆ ಸ್ಪಷ್ಟವಾಗಬೇಕಾದ ಒಂದು ವಿಷಯವಿದೆ. ಒಂದಕ್ಕೊಂದು ಒಪ್ಪದ ಎರಡು ಉದಾಹರಣೆ ಸಿಕ್ಕರೆ ತೀರ್ಮಾನವಾಯಿತು. ಎಲ್ಲ ಉದಾಹರಣೆಗಳೂ ಒಂದೇ ಕಡೆ ಬಂದರೆ ಮಾತ್ರ ತೀರ್ಮಾನವಾದಂತಲ್ಲ, ನಾವು ನೋಡದೆ ಬಿಟ್ಟ ಸಂಖ್ಯೆ ಇರಬಹುದು. ಆಗ ಚಿಹ್ನೆಯ ವಿಚಾರಕ್ಕೆ ಬರಬೇಕು. ಎಯಿಂದ ಬಿಯನ್ನು ಕಳೆದು, ಉಳಿದದ್ದು ಧನವೋ ಋಣವೋ ಎಂದಷ್ಟೇ ಕೇಳಬೇಕು. ನಮ್ಮ ಲೆಕ್ಕದಲ್ಲಿ:

x + 1/x − 2 = (x − 1)²/x

ಮೇಲಿರುವುದು ವರ್ಗ, ಅದು ಎಂದೂ ಋಣವಾಗದು. x ಒಂದಾದಾಗ ಮಾತ್ರ ಸೊನ್ನೆ. ಹಾಗಾಗಿ ಉಳಿದೆಲ್ಲ ಕಡೆ ಚಿಹ್ನೆಯನ್ನು ನಿರ್ಧರಿಸುವುದು ಕೆಳಗಿರುವ x. ಈಗ ಪ್ರಶ್ನೆಯಲ್ಲಿ x > 0 ಎಂದು ಸೇರಿಸಿ ನೋಡಿ. ಋಣದ ಮಾತು ಹೋಯಿತು, ಆದರೂ x ಒಂದಾದರೆ ಸಮ, ಬೇರೆಯಾದರೆ ಎ ದೊಡ್ಡದು. ಉತ್ತರ ಇನ್ನೂ ಹೇಳಲಾಗದು ಎಂಬುದೇ. x ಒಂದಲ್ಲ ಎಂದೂ ಸೇರಿಸಿದರೆ ಆಗ ಮಾತ್ರ ಎ ದೊಡ್ಡದು ಎಂದು ಖಚಿತವಾಗಿ ಹೇಳಬಹುದು. ಪ್ರಶ್ನೆಯ ಮೇಲೆ ಸಣ್ಣದಾಗಿ ಬರೆದ ಷರತ್ತಿಗೆ ಇಷ್ಟು ಬಲವಿದೆ.

ಗಣಿತ ಚೆನ್ನಾಗಿ ಬರುವ ಮಕ್ಕಳೂ ಮಾಡುವ ಇನ್ನೊಂದು ತಪ್ಪು ಇಲ್ಲೇ ಇದೆ. ಭಿನ್ನರಾಶಿ ಬೇಡವೆಂದು ಎರಡೂ ಕಡೆ xನಿಂದ ಗುಣಿಸಿ, x² + 1 ಮತ್ತು 2x ಎಂದು ಮಾಡಿಕೊಳ್ಳುತ್ತಾರೆ. x ಋಣವಾಗಿದ್ದರೆ ಗುಣಿಸಿದ ಕೂಡಲೇ ದೊಡ್ಡದು ಚಿಕ್ಕದಾಗಿ ತಿರುಗುತ್ತದೆ, ಅದು ಅವರ ಗಮನಕ್ಕೆ ಬಂದಿರುವುದಿಲ್ಲ. ಎರಡೂ ಕಡೆ ಒಂದೇ ಪ್ರಮಾಣವನ್ನು ಕೂಡಿಸುವುದು, ಕಳೆಯುವುದು ಯಾವಾಗಲೂ ಸುರಕ್ಷಿತ. ಗುಣಿಸುವುದು, ಭಾಗಿಸುವುದು ಚಿಹ್ನೆ ಗೊತ್ತಿದ್ದಾಗ ಮಾತ್ರ.

ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಇದೇ ವಿಚಾರ ಸಮಯ ಉಳಿಸಿಕೊಡುತ್ತದೆ. ಅಲ್ಲಿ ಎರಡು ವರ್ಗಸಮೀಕರಣ ಕೊಟ್ಟು x, yಗಳನ್ನು ಹೋಲಿಸಲು ಹೇಳುತ್ತಾರೆ. x² + x − 12 = 0, y² + 2y − 15 = 0 ಎಂದಿಟ್ಟುಕೊಳ್ಳಿ. ಎರಡರಲ್ಲೂ ಕೊನೆಯ ಸಂಖ್ಯೆ ಋಣ. ಅಂದರೆ ಪ್ರತಿಯೊಂದಕ್ಕೂ ಒಂದು ಧನ ಮೂಲ, ಒಂದು ಋಣ ಮೂಲ. xನ ಧನ ಮೂಲ yಯ ಋಣ ಮೂಲಕ್ಕಿಂತ ದೊಡ್ಡದು, xನ ಋಣ ಮೂಲ yಯ ಧನ ಮೂಲಕ್ಕಿಂತ ಚಿಕ್ಕದು. ಬಿಡಿಸದೆಯೇ ಸಂಬಂಧ ಹೇಳಲಾಗದು ಎಂದು ಗೊತ್ತಾಯಿತು.

ಹಾಗೆಂದು ಗೊಂದಲವಾದಾಗಲೆಲ್ಲ ಆ ಆಯ್ಕೆಗೆ ಹೋಗಬಾರದು. ಎರಡೂ ಕಡೆ ಬರೀ ಸಂಖ್ಯೆಗಳಿದ್ದು ಅಕ್ಷರವೇ ಇಲ್ಲದಿದ್ದರೆ ಹೇಳಲಾಗದು ಎಂಬುದು ಸರಿಯುತ್ತರವಾಗಲು ಸಾಧ್ಯವಿಲ್ಲ. ಲೆಕ್ಕ ಕಷ್ಟವಿರಬಹುದು, ಉತ್ತರವಂತೂ ಒಂದೇ.

ನೆರವಾಗಲು ನಿಮಗೆ ಬೀಜಗಣಿತ ನೆನಪಿರಬೇಕಿಲ್ಲ. ಅಭ್ಯಾಸ ಮುಗಿದ ಮೇಲೆ ಮಗನದೋ ಮಗಳದೋ ರಫ್ ಹಾಳೆಯನ್ನು ಕೇಳಿ ಪಡೆಯಿರಿ, ತಪ್ಪಾದ ಹೋಲಿಕೆಯ ಪ್ರಶ್ನೆಗಳ ಪಕ್ಕದಲ್ಲಿ ಯಾವ ಸಂಖ್ಯೆ ಹಾಕಿ ನೋಡಿದ್ದಾರೆ ನೋಡಿ. ಬರೀ 2, 3, 5 ಇದ್ದರೆ, "ಇಲ್ಲಿ −1 ಹಾಕಬಾರದೆಂದು ಪ್ರಶ್ನೆ ಹೇಳಿದೆಯೇ?" ಎಂದು ಕೇಳಿ.