ಮನೆ ಕೆಡವುವ ಮುನ್ನ ಒಂದು ಚೀಟಿ

ಪ್ರಶ್ನೆ: ಮೈಸೂರಿನ ಹಳೇ ಬಡಾವಣೆಯಲ್ಲಿ ನಮ್ಮ ಮಾವನವರ ಕಾಲದ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದೇವೆ. 30-40 ಸೈಟು, ಮುಂದೆ 20 ಅಡಿ ರಸ್ತೆ. ಎಡಮನೆಯಲ್ಲಿ ಉಬ್ಬಸವಿರುವ ನಿವೃತ್ತ ಮೇಷ್ಟ್ರು, ಎದುರುಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿ. ಮೊದಲೇ ಎಲ್ಲರಿಗೂ ಒಂದು ಪತ್ರ ಕೊಡೋಣವೆಂದರೆ, ‘ಹೇಳಿದ್ರೆ ತಕರಾರು ಏಳುತ್ತೆ, ಸುಮ್ನಿರಿ ಅಕ್ಕ’ ಎನ್ನುತ್ತಾನೆ ಮೇಸ್ತ್ರಿ. ಏನು ಮಾಡಲಿ?
– ಒಬ್ಬ ಓದುಗಿ, ಮೈಸೂರು

ಉತ್ತರ: ಕೊಡಿ. ಆದರೆ ಮೇಸ್ತ್ರಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ‘ಕಟ್ಟಡದ ಕೆಲಸ ನಡೆಯಲಿದೆ, ಅಡಚಣೆಗೆ ಕ್ಷಮೆಯಿರಲಿ’ ಎಂಬ ಒಂದು ಸಾಲಿನ ಚೀಟಿಯಿಂದ ತಕರಾರೇ ಹುಟ್ಟುತ್ತದೆ. ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಹೆದರಿಕೆ ಮಾತ್ರ ಹೆಚ್ಚುತ್ತದೆ. ಅವರಿಗೆ ಬೇಕಾದದ್ದು ಯಾವ ದಿನ, ಎಷ್ಟು ಹೊತ್ತು ಎನ್ನುವ ವಿವರ.

ಮನೆ ಕಟ್ಟುವ ಕೆಲಸ ತಿಂಗಳುಗಟ್ಟಲೆ ನಡೆದರೂ ನೆರೆಯವರಿಗೆ ನಿಜವಾಗಿ ಕಾಡುವ ದಿನಗಳು ಕೆಲವೇ. ಕೆಡವುವ ದಿನಗಳು, ಪಾಯ ತೋಡಲು ಜೆಸಿಬಿ ಬರುವ ದಿನ, ಮೋಲ್ಡ್ ಹಾಕುವ ದಿನ, ಕೊನೆಗೆ ಟೈಲ್ಸ್ ಮತ್ತು ಗ್ರಾನೈಟ್ ಕೊಯ್ಯುವ ವಾರಗಳು. ಬೋರ್‌ವೆಲ್ ಕೊರೆಸುವುದಿದ್ದರೆ ಅದನ್ನೂ ಸೇರಿಸಿ. ಇವನ್ನು ಬಿಡಿಸಿ ಹೇಳಿದರೆ ಪತ್ರದ ಮುಕ್ಕಾಲು ಕೆಲಸ ಮುಗಿಯಿತು.

ಎಲ್ಲರೂ ಎಡವುವುದು ಸಮಯದ ವಿಷಯದಲ್ಲಿ. ‘ಸಂಜೆ 6ಕ್ಕೆ ಕೆಲಸ ನಿಲ್ಲುತ್ತದೆ’ ಎಂದು ಬರೆದುಬಿಡುತ್ತಾರೆ. ಮೋಲ್ಡ್ ಹಾಕುವ ದಿನ ಆ ಮಾತು ಉಳಿಯುವುದಿಲ್ಲ. ಕಾಂಕ್ರೀಟು ಸುರಿಯಲು ಶುರುಮಾಡಿದ ಮೇಲೆ ನಡುವೆ ನಿಲ್ಲಿಸಿದರೆ, ಅಲ್ಲಿಯವರೆಗೆ ಹಾಕಿದ್ದು ಗಟ್ಟಿಯಾಗಿ ಹೊಸದರೊಂದಿಗೆ ಬೆರೆಯದೆ, ಮುಂದೆ ಮಳೆಗಾಲದಲ್ಲಿ ಅದೇ ಗೆರೆಯಲ್ಲಿ ಸೋರುತ್ತದೆ. ಬೆಳಗ್ಗೆ ಮಿಕ್ಸರ್ ಕೆಟ್ಟು ಎರಡು ಗಂಟೆ ತಡವಾದರೆ ರಾತ್ರಿ 9ರವರೆಗೂ ವೈಬ್ರೇಟರ್ ಗುಂಯ್‌ಗುಡುವುದೇ. ಹಾಗಾಗಿ ಆ ದಿನ ತಡವಾಗಬಹುದೆಂದು ಮೊದಲೇ ಬರೆಯಿರಿ. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳಲ್ಲಿ ರಾತ್ರಿಯೆಂದರೆ 10ರಿಂದ ಬೆಳಗ್ಗೆ 6ರವರೆಗೆ. ಹಾಗೆಂದು 6ಕ್ಕೇ ಬ್ರೇಕರ್ ಹಚ್ಚಿದರೆ ಯಾರೂ ನಿಮ್ಮನ್ನು ಹರಸುವುದಿಲ್ಲ. 9ರ ಮುಂಚೆ ಒಡೆಯುವ ಕೆಲಸ ಬೇಡ. ಎಂ-ಸ್ಯಾಂಡ್ ಟಿಪ್ಪರ್ ನಸುಕಿನಲ್ಲಿ ಬಂದು ಧಡಾರೆಂದು ಸುರಿದು ಹೋಗುವುದಕ್ಕೂ ಲೋಡ್ ಕಳಿಸುವವನ ಹತ್ತಿರ ಈಗಲೇ ಮಾತಾಡಿ.

ಧೂಳಿನ ಬಗ್ಗೆ ಮಾಡಲಾಗದ್ದನ್ನು ಬರೆಯಬೇಡಿ. ಹಸಿರು ಬಲೆ ಕಲ್ಲು-ಚಕ್ಕೆಯನ್ನು ತಡೆಯುತ್ತದೆ. ಮೇಷ್ಟ್ರ ಎದೆಗೆ ಇಳಿಯುವ ನುಣ್ಣನೆಯ ಪುಡಿ ಅದರ ಕಣ್ಣುಗಳಲ್ಲೇ ನುಸುಳುತ್ತದೆ. ಗೋಡೆಗೆ ನೀರು ಹೊಡೆಯುತ್ತಾ ಕೆಡವುವುದು, ಗ್ರಾನೈಟನ್ನು ನೀರು ಬಿಟ್ಟುಕೊಂಡೇ ಕೊಯ್ಯುವುದು, ಇವೆರಡು ನಿಮ್ಮ ಕೈಯಲ್ಲಿವೆ. ಮೇಸ್ತ್ರಿಯನ್ನು ಒಪ್ಪಿಸಿದ ಮೇಲಷ್ಟೇ ಬರೆಯಿರಿ.

ನಿಮ್ಮ ಪತ್ರ ಹೀಗಿರಲಿ:

‘ನಮಸ್ಕಾರ. ಬರುವ ಸೋಮವಾರದಿಂದ ನಮ್ಮ ಹಳೇ ಮನೆ ಕೆಡವಿಸುತ್ತಿದ್ದೇವೆ. ಸುಮಾರು ಐದು ದಿನ, ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಸದ್ದು, ಧೂಳು ಇರುತ್ತದೆ. ನೀರು ಹೊಡೆದೇ ಕೆಡವುತ್ತಾರೆ. ಆದರೂ ಆ ಹೊತ್ತಿನಲ್ಲಿ ನಮ್ಮ ಕಡೆಯ ಕಿಟಕಿ ಮುಚ್ಚಿಕೊಂಡರೆ ಒಳ್ಳೆಯದು. ಮಧ್ಯಾಹ್ನ 1ರಿಂದ 2 ಕೆಲಸ ನಿಲ್ಲುತ್ತದೆ. ಭಾನುವಾರ ರಜೆ. ಟ್ರಾಕ್ಟರ್‌ಗೆ ಕಲ್ಲುಮಣ್ಣು ತುಂಬುವಾಗ ರಸ್ತೆ ಅರ್ಧ ಗಂಟೆ ಕಟ್ಟಿಹೋಗುತ್ತದೆ. ಬೆಳಗ್ಗೆ 8ರಿಂದ 9.30ರವರೆಗೆ ಯಾವ ಗಾಡಿಯನ್ನೂ ನಿಲ್ಲಿಸುವುದಿಲ್ಲ. ಮೋಲ್ಡ್ ಹಾಕುವ ದಿನ ಮಾತ್ರ ರಸ್ತೆ ದಿನವಿಡೀ ಮುಚ್ಚಿರುತ್ತದೆ, ಕೆಲಸವೂ ರಾತ್ರಿಗೆ ಹೋಗಬಹುದು. ಎರಡು ದಿನ ಮುಂಚೆ ಖುದ್ದಾಗಿ ತಿಳಿಸುತ್ತೇವೆ. ಪರೀಕ್ಷೆ, ಸಮಾರಂಭ, ಹುಷಾರಿಲ್ಲದವರು ಇದ್ದರೆ ದಯವಿಟ್ಟು ಈಗಲೇ ಹೇಳಿ. ಏನೇ ತೊಂದರೆಯಾದರೂ ನನಗೇ ಫೋನ್ ಮಾಡಿ.’

ಕೆಳಗೆ ನಿಮ್ಮ ಹೆಸರು, ನಿಮ್ಮದೇ ನಂಬರು. ಮೇಸ್ತ್ರಿಯ ನಂಬರು ಬೇಡ, ಅವನು ಎತ್ತುವುದಿಲ್ಲ.

ಗುದ್ದಲಿ ಪೂಜೆಗೆ ಕರೆಯುವಾಗ ಕೊಟ್ಟರಾಯಿತು ಎಂದು ಕಾಯಬೇಡಿ. ನಿಮ್ಮಲ್ಲಿ ಪೂಜೆ ಬರುವುದು ಕೆಡವಿದ ಮೇಲೆ. ಅಷ್ಟರಲ್ಲಿ ಅತಿ ಕೆಟ್ಟ ವಾರ ಕಳೆದಿರುತ್ತದೆ. ಒಂದು ವಾರ ಮುಂಚೆ ಮನೆಮನೆಗೆ ಹೋಗಿ ಕೈಯಲ್ಲೇ ಕೊಡಿ, ಗೇಟಿಗೆ ಸಿಕ್ಕಿಸಿ ಬರಬೇಡಿ. ಎದುರುಮನೆಯವರ ಹತ್ತಿರ ಹುಡುಗಿಯ ಪರೀಕ್ಷೆಯ ವೇಳಾಪಟ್ಟಿ ಕೇಳಿ ಬರೆದುಕೊಳ್ಳಿ. ಗ್ರಾನೈಟ್ ಕಟ್ಟಿಂಗ್ ಆ ದಿನಗಳಿಗೆ ಬಿದ್ದರೆ ಹೊರಗೇ ಕೊಯ್ಯಿಸಿ ತರಿಸಬಹುದು, ಸಾಗಣೆಯ ಖರ್ಚು ಸ್ವಲ್ಪ ಹೆಚ್ಚುತ್ತದೆ.

ಎಡಮನೆಗೆ ಹೋದಾಗ ಇನ್ನೊಂದು ಕೆಲಸವಿದೆ. ಮೇಷ್ಟ್ರನ್ನು ಜೊತೆಗಿಟ್ಟುಕೊಂಡು ಅವರ ಕಾಂಪೌಂಡ್, ನಿಮ್ಮ ಕಡೆಯ ಗೋಡೆ, ಈಗಾಗಲೇ ಇರುವ ಬಿರುಕುಗಳು, ಎಲ್ಲದರ ಫೋಟೋ ತೆಗೆದು ಅವರಿಗೂ ಒಂದು ಪ್ರತಿ ಕಳಿಸಿ. ಕೆಡವಿದ ಮೇಲೆ ಕಾಣುವ ಬಿರುಕು ಹಳೆಯದೋ ಹೊಸದೋ ಎಂಬ ಜಗಳ ಅಲ್ಲಿಗೇ ತಪ್ಪುತ್ತದೆ. ಹೊಸದಾದರೆ ಸರಿಮಾಡಿಸಿಕೊಡುತ್ತೇವೆಂದು ಬಾಯಲ್ಲಿ ಹೇಳಿದರೆ ಸಾಲದು, ಅವರ ಪತ್ರದಲ್ಲಿ ಆ ಒಂದು ಸಾಲು ಕೈಬರಹದಲ್ಲಿ ಸೇರಿಸಿ ಕೊಡಿ.